ಫ್ರೆಂಚ್ ಗ್ರಾಹಕ ಕಂಪನಿಯಿಂದ ಬಂದ ಆಹ್ವಾನದ ಇಮೇಲ್: ವ್ಯವಹಾರ ವೀಸಾಕ್ಕೆ ಇದು ಸಾಕಾಗುತ್ತದೆಯೇ?

ಪೀಣ್ಯ ಲೇತ್

ಎಲ್ಲರಿಗೂ ನಮಸ್ಕಾರ. ನಮ್ಮದು ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿರುವ ಸಣ್ಣ ಘಟಕ. ಸ್ಟೇನ್‌ಲೆಸ್ ಸ್ಟೀಲ್ ಸರಳುಗಳಿಂದ ಹೈಡ್ರಾಲಿಕ್ ಜೋಡಣೆಯ ಸಣ್ಣ ಭಾಗಗಳನ್ನು ಸಿಎನ್‌ಸಿ ಲೇತ್‌ಗಳಲ್ಲಿ ತಯಾರಿಸಿ, ಫ್ರಾನ್ಸಿನ ಕ್ಲೂಜ್ ಪಟ್ಟಣದ ಒಂದು ಕಂಪನಿಗೆ ಕೆಲವು ವರ್ಷಗಳಿಂದ ಕಳುಹಿಸುತ್ತಿದ್ದೇವೆ. ಈ ಮೇ ತಿಂಗಳಲ್ಲಿ ನಾನು ಮತ್ತು ನಮ್ಮ ಗುಣಮಟ್ಟ ವಿಭಾಗದ ಎಂಜಿನಿಯರ್ ಅಲ್ಲಿಗೆ ಹೋಗಬೇಕಾಗಿದೆ. ವೀಸಾಕ್ಕೆ ಆಹ್ವಾನ ಬೇಕೆಂದು ಕೇಳಿದಾಗ ಅವರ ಖರೀದಿ ವಿಭಾಗದವರು ಒಂದು ಇಮೇಲ್ ಕಳುಹಿಸಿದ್ದಾರೆ. ಅದರ ಸಾರಾಂಶವನ್ನು ಕನ್ನಡದಲ್ಲಿ ಕೊಡುತ್ತೇನೆ:

"ನಿಮ್ಮನ್ನೂ ನಿಮ್ಮ ಸಹೋದ್ಯೋಗಿಯನ್ನೂ 2026ರ ಮೇ 11ರಿಂದ 15ರವರೆಗೆ ನಮ್ಮ ಕಾರ್ಖಾನೆಗೆ ಆಹ್ವಾನಿಸುತ್ತೇವೆ. ತಿರಸ್ಕೃತವಾದ ಸರಕನ್ನು ನಮ್ಮ ಗೋದಾಮಿನಲ್ಲಿ ಸಾರ್ಟಿಂಗ್ ಮಾಡಿಕೊಡುವುದು, ಹೊಸ ಭಾಗಗಳ ಬಗ್ಗೆ ಚರ್ಚಿಸುವುದು ಮತ್ತು ಮುಂದಿನ ವರ್ಷದ ದರವನ್ನು ನಿರ್ಧರಿಸುವುದು ಈ ಭೇಟಿಯ ಉದ್ದೇಶವಾಗಿದೆ. ನಿಮ್ಮ ಎಲ್ಲ ಖರ್ಚನ್ನು ನಾವು ನೋಡಿಕೊಳ್ಳುತ್ತೇವೆ."

ಕೆಳಗೆ ಅವರ ಹೆಸರು ಮತ್ತು ಮೊಬೈಲ್ ಸಂಖ್ಯೆ ಇದೆ. ಇದನ್ನು ಮುದ್ರಿಸಿ ಅರ್ಜಿಯ ಜೊತೆ ಕೊಟ್ಟರೆ ಸಾಕೇ? ಕ್ಲೂಜ್‌ಗೆ ಜಿನೀವಾ ವಿಮಾನ ನಿಲ್ದಾಣ ಹತ್ತಿರವಾದ್ದರಿಂದ ನಮ್ಮ ಟಿಕೆಟ್ ಅಲ್ಲಿಯವರೆಗೆ ಮಾತ್ರ ಇರುತ್ತದೆ. ಹಾಗಿದ್ದರೆ ಸ್ವಿಟ್ಜರ್ಲೆಂಡ್ ವೀಸಾ ಕೇಳಬೇಕೋ, ಫ್ರಾನ್ಸ್ ವೀಸಾ ಕೇಳಬೇಕೋ ಎಂಬ ಗೊಂದಲವೂ ಇದೆ. ತಿಳಿದವರು ದಯವಿಟ್ಟು ತಿಳಿಸಬೇಕು.

ಜಯನಗರ ನಾಲ್ಕನೇ ಬ್ಲಾಕ್

ಸರ್, ಇಮೇಲ್ ನಡೆಯುವುದಿಲ್ಲ. ಫ್ರಾನ್ಸಿನಲ್ಲಿ ಯಾರೇ ಕರೆದರೂ ಅಲ್ಲಿನ ಪುರಸಭೆಗೆ ಹೋಗಿ, 30 ಯೂರೋ ತೆರಿಗೆ ಕಟ್ಟಿ, ಅತಿಥಿ ಸ್ವೀಕಾರದ ಪ್ರಮಾಣಪತ್ರ ಮಾಡಿಸಿ, ಅದರ ಮೂಲ ಪ್ರತಿಯನ್ನು ಕೊರಿಯರ್‌ನಲ್ಲಿ ಕಳುಹಿಸಬೇಕು. ನನ್ನ ಅಕ್ಕ ಪ್ಯಾರಿಸ್‌ನಲ್ಲಿದ್ದಾರೆ. ನಾವು ಹೋದಾಗ ಹಾಗೆಯೇ ಮಾಡಿದ್ದರು. ನಿಮ್ಮ ಕಂಪನಿಯವರಿಗೂ ಅದನ್ನೇ ಹೇಳಿ. ಇನ್ನು ಜಿನೀವಾದಲ್ಲಿ ಇಳಿಯುವುದರಿಂದ ಸ್ವಿಟ್ಜರ್ಲೆಂಡ್ ವೀಸಾವೇ ಬೇಕು, ಏಕೆಂದರೆ ಮೊದಲು ಕಾಲಿಡುವ ದೇಶವೇ ವೀಸಾ ಕೊಡಬೇಕೆಂಬ ನಿಯಮವಿದೆ.

ಆನ್ಸಿ ನಿವಾಸಿ

ನಾನು ಫ್ರಾನ್ಸಿನ ಆನ್ಸಿ ನಗರದಲ್ಲಿದ್ದೇನೆ. ಇಲ್ಲಿನ ಒಂದು ಕಂಪನಿಯ ಖರೀದಿ ವಿಭಾಗದಲ್ಲಿ ಕೆಲಸ ಮಾಡುವುದರಿಂದ, ಭಾರತ ಮತ್ತು ಟರ್ಕಿಯ ಪೂರೈಕೆದಾರರಿಗೆ ಇಂಥ ಪತ್ರಗಳನ್ನು ಸಿದ್ಧಪಡಿಸುವುದು ನನ್ನ ಪಾಲಿಗೆ ಬರುತ್ತದೆ. ಒಂದೊಂದಾಗಿ ಹೇಳುತ್ತೇನೆ.

ಜಯನಗರದವರು ಹೇಳಿದ ಪುರಸಭೆಯ ಪ್ರಮಾಣಪತ್ರ ನಿಜವಾಗಿಯೂ ಇದೆ, 30 ಯೂರೋ ಎಂಬುದೂ ಸರಿ. ಆದರೆ ಅದು ಬಂಧುಗಳ ಅಥವಾ ಸ್ನೇಹಿತರ ಮನೆಯಲ್ಲಿ ತಂಗುವವರಿಗೆ, ಮನೆಯವರು ಮಾಡಿಸಿಕೊಡುವ ಕಾಗದ. ಕಂಪನಿಯೊಂದು ವ್ಯವಹಾರಕ್ಕಾಗಿ ಕರೆದು ಹೋಟೆಲಿನಲ್ಲಿ ಉಳಿಸುವಾಗ ಅದಕ್ಕೆ ಅವಕಾಶವೂ ಇಲ್ಲ, ಅಗತ್ಯವೂ ಇಲ್ಲ. ಕಂಪನಿಯ ಸ್ವಂತ ಪತ್ರವೇ ಇಲ್ಲಿ ಆಹ್ವಾನ.

ಮೊದಲ ಪ್ರವೇಶದ ನಿಯಮವೂ ಅರ್ಧ ಸರಿ. ಫ್ರಾನ್ಸ್, ಸ್ವಿಟ್ಜರ್ಲೆಂಡ್ ಸೇರಿ ಹಲವು ಯುರೋಪಿನ ದೇಶಗಳಿಗೆ ಒಂದೇ ಅಲ್ಪಾವಧಿ ವೀಸಾ ನಡೆಯುವ ವ್ಯವಸ್ಥೆಯೇ ಷೆಂಗೆನ್. ಅದರ ವೀಸಾ ಸಂಹಿತೆಯ ಪ್ರಕಾರ ಪ್ರಯಾಣದ ಮುಖ್ಯ ಗಮ್ಯವಾದ ದೇಶಕ್ಕೆ, ಎಂದರೆ ಹೆಚ್ಚು ದಿನ ಇರುವ ಅಥವಾ ಮುಖ್ಯ ಉದ್ದೇಶ ನೆರವೇರುವ ದೇಶಕ್ಕೆ, ಅರ್ಜಿ ಹಾಕಬೇಕು. ಮುಖ್ಯ ಗಮ್ಯ ಯಾವುದೆಂದು ಹೇಳಲಾಗದಾಗ ಮಾತ್ರ ಮೊದಲು ಪ್ರವೇಶಿಸುವ ದೇಶದ ಪ್ರಶ್ನೆ ಬರುತ್ತದೆ. ನೀವು ಜಿನೀವಾದಲ್ಲಿ ಇಳಿದು, ರಸ್ತೆಯ ಮೂಲಕ ಗಡಿ ದಾಟಿ, ವಾರವಿಡೀ ಕ್ಲೂಜ್‌ನಲ್ಲೇ ಇರುವವರು. ಹಾಗಾಗಿ ಅರ್ಜಿ ಫ್ರಾನ್ಸಿಗೇ. ಆದರೆ ಕಡತ ನೋಡುವವರ ಮೇಜಿನ ಮೇಲೆ ಜಿನೀವಾ ಟಿಕೆಟ್ ಮತ್ತು ಫ್ರೆಂಚ್ ಪತ್ರ ಎರಡೂ ಬಂದಾಗ ಅವರಿಗೆ ಅನುಮಾನ ಹುಟ್ಟಬಾರದು. ಅದಕ್ಕಾಗಿ "ಜಿನೀವಾ ವಿಮಾನ ನಿಲ್ದಾಣದ ಮೂಲಕ ಬಂದು, ಅಲ್ಲಿಂದ ನಮ್ಮ ಕಂಪನಿಯ ವಾಹನದಲ್ಲಿ ಕ್ಲೂಜ್‌ಗೆ ಬರುತ್ತಾರೆ" ಎಂಬ ಒಂದು ವಾಕ್ಯವನ್ನು ಪತ್ರದಲ್ಲೇ ಸೇರಿಸಲು ಹೇಳಿ. ಕ್ಲೂಜ್ ಇರುವ ಆರ್ವ್ ಕಣಿವೆಯ ಲೇತ್ ಕಾರ್ಖಾನೆಗಳಿಗೆ ಬರುವ ವಿದೇಶಿಯರಲ್ಲಿ ಬಹುತೇಕರು ಈ ದಾರಿಯಲ್ಲೇ ಬರುವುದರಿಂದ ಅವರಿಗೂ ಇದು ಹೊಸದಲ್ಲ.

ಈಗ ನಿಮ್ಮ ಇಮೇಲಿನ ವಿಷಯ. ನನ್ನ ಕಣ್ಣಿಗೆ ತೊಂದರೆಯೆನಿಸಿದ್ದು ಅದು ಇಮೇಲ್ ರೂಪದಲ್ಲಿದೆ ಎಂಬುದಲ್ಲ, ಅದರಲ್ಲಿ ಬರೆದಿರುವ ಎರಡು ಸಂಗತಿಗಳು. ಮೊದಲನೆಯದು ದಿನಾಂಕ. 2026ರ ಮೇ 14 ಗುರುವಾರ, ಕ್ರಿಸ್ತನ ಸ್ವರ್ಗಾರೋಹಣದ ಹಬ್ಬ. ಫ್ರಾನ್ಸಿನಲ್ಲಿ ಅಂದು ಸಾರ್ವಜನಿಕ ರಜೆ. ಮರುದಿನ ಶುಕ್ರವಾರವನ್ನೂ ಸೇರಿಸಿ ನಾಲ್ಕು ದಿನ ಕಾರ್ಖಾನೆ ಮುಚ್ಚುವುದು ಇಲ್ಲಿ ಸಾಮಾನ್ಯ. ಹಾಗಿರುವಾಗ 14 ಮತ್ತು 15ರಂದು ಸಭೆಯಿದೆ ಎಂದು ಬರೆದರೆ, ಫ್ರೆಂಚ್ ಪಂಚಾಂಗ ಬಲ್ಲ ಅಧಿಕಾರಿಗೆ ಪತ್ರವನ್ನು ಯಾರೋ ಯೋಚಿಸದೆ ಬರೆದುಕೊಟ್ಟಿದ್ದಾರೆ ಅನ್ನಿಸುತ್ತದೆ. ಅವರ ಖರೀದಿ ವಿಭಾಗದವರು ವಾರದ ಸಂಖ್ಯೆ ನೋಡಿ ದಿನಾಂಕ ಹಾಕಿದಂತಿದೆ, ಇಲ್ಲಿ ಎಲ್ಲರೂ ವಾರದ ಸಂಖ್ಯೆಯಲ್ಲೇ ಮಾತನಾಡುತ್ತಾರೆ. ಅದರ ಮುಂದಿನ ವಾರ, 18ರಿಂದ 22ರವರೆಗೆ, ಪೂರ್ತಿ ಕೆಲಸದ ವಾರ. 25ರ ಸೋಮವಾರ ಮತ್ತೆ ಪೆಂಟೆಕೋಸ್ಟ್ ರಜೆ. ಆದ್ದರಿಂದ 18ರಿಂದ 22ಕ್ಕೆ ಬದಲಾಯಿಸಿಕೊಳ್ಳಿ.

ಎರಡನೆಯದು ಸಾರ್ಟಿಂಗ್. ಇದು ನಿಜವಾಗಿ ಗಂಭೀರವಾದದ್ದು. ವ್ಯವಹಾರ ಭೇಟಿಯ ಅಲ್ಪಾವಧಿ ವೀಸಾ ಸಭೆ, ಮಾತುಕತೆ, ಒಪ್ಪಂದ, ಕಾರ್ಖಾನೆ ವೀಕ್ಷಣೆ, ವಾಣಿಜ್ಯ ಮೇಳ ಇಂಥವುಗಳಿಗೆ ಇರುವಂಥದ್ದು. ಗ್ರಾಹಕರ ಗೋದಾಮಿನಲ್ಲಿ ನಿಂತು, ಪೆಟ್ಟಿಗೆ ಬಿಚ್ಚಿ, ಗೇಜ್ ಹಿಡಿದು ಸಾವಿರಾರು ಭಾಗಗಳನ್ನು ವಿಂಗಡಿಸುವುದು ಸಭೆಯಲ್ಲ, ಕೆಲಸ. ಫ್ರೆಂಚ್ ಕಾರ್ಮಿಕ ಕಾನೂನಿನ ದೃಷ್ಟಿಯಲ್ಲಿ ನೀವು ವಿದೇಶಿ ಕಂಪನಿಯಿಂದ ನಿಯೋಜಿತರಾಗಿ ಬಂದ ಕೆಲಸಗಾರರಾಗುತ್ತೀರಿ, ಅದಕ್ಕೆ ಬೇರೆ ಅನುಮತಿ, ಬೇರೆ ಘೋಷಣೆ, ಬೇರೆ ಬಗೆಯ ವೀಸಾ ಬೇಕಾಗುತ್ತದೆ.

ರಫ್ತು ಗುಮಾಸ್ತ

ಆನ್ಸಿ ಮೇಡಂ ಹೇಳಿದ್ದು ಸರಿ, ಆದರೆ ಇಷ್ಟು ಹೆದರಿಸುವ ಅಗತ್ಯವಿಲ್ಲ. ಸಾರ್ಟಿಂಗ್ ಎಂಬ ಪದವನ್ನು ತೆಗೆದು "ಗುಣಮಟ್ಟ ಪರಿಶೀಲನಾ ಸಭೆ" ಎಂದು ಬರೆಸಿದರೆ ಆಯಿತು. ಅಲ್ಲಿಗೆ ಹೋದ ಮೇಲೆ ಏನು ಮಾಡುತ್ತೀರೆಂದು ಯಾರೂ ನೋಡಲು ಬರುವುದಿಲ್ಲ. ನಮ್ಮ ರಫ್ತು ವಿಭಾಗದಲ್ಲಿ ಹತ್ತು ವರ್ಷದಿಂದ ಹೀಗೆಯೇ ನಡೆದಿದೆ. ಪತ್ರ ಎಷ್ಟು ಚಿಕ್ಕದಾಗಿದ್ದರೆ ಅಷ್ಟು ಒಳ್ಳೆಯದು, ಹೆಚ್ಚು ಬರೆದಷ್ಟೂ ಹೆಚ್ಚು ಪ್ರಶ್ನೆಗಳು ಏಳುತ್ತವೆ.

ಆನ್ಸಿ ನಿವಾಸಿ

ಇದನ್ನು ನಾನು ಒಪ್ಪಲಾರೆ. ಪದ ಬದಲಾಯಿಸಿ ಅದೇ ಕೆಲಸ ಮಾಡಿದರೆ, ಪತ್ರಕ್ಕೆ ಸಹಿ ಹಾಕಿದ ಫ್ರೆಂಚ್ ಕಂಪನಿಯೇ ಸುಳ್ಳು ಹೇಳಿದಂತಾಗುತ್ತದೆ. ಇಲ್ಲಿನ ಕಾರ್ಮಿಕ ತನಿಖಾಧಿಕಾರಿಗಳು ಗೋದಾಮುಗಳಿಗೆ ಬರುವುದುಂಟು. ಅಪಘಾತವಾಗಿ ಒಬ್ಬರ ಬೆರಳು ಪೆಟ್ಟಿಗೆಯಡಿ ಸಿಕ್ಕಿದರೆ ಮೊದಲು ಕೇಳುವ ಪ್ರಶ್ನೆಯೇ "ಇವರು ಯಾರು, ಇಲ್ಲೇಕೆ ಇದ್ದರು" ಎಂಬುದು. ಪೀಣ್ಯದವರು ಬದಲಾಯಿಸಬೇಕಾದದ್ದು ಪದವನ್ನಲ್ಲ, ಕಾರ್ಯಕ್ರಮವನ್ನು. ಪೂರೈಕೆದಾರರ ಪರವಾಗಿ ಭಾಗಗಳನ್ನು ವಿಂಗಡಿಸಿಕೊಡುವ ಸೇವಾ ಕಂಪನಿಗಳು ಫ್ರಾನ್ಸಿನ ಎಲ್ಲ ಕೈಗಾರಿಕಾ ಪ್ರದೇಶಗಳಲ್ಲಿವೆ, ಗಂಟೆಯ ಲೆಕ್ಕದಲ್ಲಿ ದರ ತೆಗೆದುಕೊಳ್ಳುತ್ತವೆ. ಅವರಿಂದ ಮೊದಲೇ ವಿಂಗಡಣೆ ಮಾಡಿಸಿ, ವರದಿಯನ್ನು ಮೇಜಿನ ಮೇಲಿಟ್ಟುಕೊಂಡು ನೀವು ಬಂದು ಕಾರಣ ಚರ್ಚಿಸಿದರೆ ಅದು ನಿಜವಾದ ಸಭೆಯಾಗುತ್ತದೆ.

ಚಿಕ್ಕ ಪತ್ರವೇ ಒಳ್ಳೆಯದು ಎಂಬುದೂ ತಪ್ಪು. "ವ್ಯವಹಾರ ಚರ್ಚೆಗಾಗಿ" ಎಂಬ ಎರಡು ಪದಗಳು ಯಾರಿಗೆ ಬೇಕಾದರೂ ಹೊಂದುತ್ತವೆ. ಅರ್ಜಿ ನಿರಾಕರಿಸುವಾಗ ಬಳಸುವ ನಮೂನೆಯಲ್ಲಿ, ತಂಗುವಿಕೆಯ ಉದ್ದೇಶ ಮತ್ತು ಪರಿಸ್ಥಿತಿಗೆ ಸಮರ್ಥನೆ ನೀಡಿಲ್ಲ ಎಂಬ ಕಾರಣ ಪ್ರತ್ಯೇಕವಾಗಿಯೇ ಇದೆ, ಅಂಥ ಪತ್ರಗಳು ಬಂದು ಸಿಕ್ಕಿಕೊಳ್ಳುವುದು ಅಲ್ಲೇ.

ಚಿಕ್ಕಮಗಳೂರು ಕಾಫಿ

ಉದ್ದೇಶದ ವಿಷಯ ಬಂದದ್ದರಿಂದ ನಮ್ಮ ಪ್ರಕರಣವನ್ನು ಹೇಳುತ್ತೇನೆ. ನಾವು ಹಸಿರು ಕಾಫಿ ಬೀಜ ರಫ್ತು ಮಾಡುತ್ತೇವೆ. ಫ್ರಾನ್ಸಿನ ಲೆ ಹಾವ್ರ್ ಬಂದರಿನ ಬಳಿಯ ಒಂದು ಹುರಿಯುವ ಕಂಪನಿ ನಮ್ಮನ್ನು ಸೆಪ್ಟೆಂಬರ್ ಆರಂಭದ ರುಚಿ ಪರೀಕ್ಷೆಗೆ ಕರೆದಿತ್ತು. ಪತ್ರ ಚೆನ್ನಾಗಿಯೇ ಇತ್ತು, ದಿನಾಂಕವಿತ್ತು, ಕಳುಹಿಸಿದ ಕಂಟೇನರ್‌ಗಳ ಉಲ್ಲೇಖವಿತ್ತು. ನಾವು ಜುಲೈ ಕೊನೆಯಲ್ಲಿ ಅರ್ಜಿ ಹಾಕಿದೆವು, ಆಗಸ್ಟ್ ಮಧ್ಯದಲ್ಲಿ ನಿರಾಕರಣೆ ಬಂತು. ಒದಗಿಸಿದ ಮಾಹಿತಿ ವಿಶ್ವಾಸಾರ್ಹವಲ್ಲ ಎಂಬ ಕಾರಣಕ್ಕೆ ಗುರುತು ಹಾಕಲಾಗಿತ್ತು. ಪತ್ರಕ್ಕೆ ಸಹಿ ಹಾಕಿದವರು ಆಗಸ್ಟ್ ತಿಂಗಳಿಡೀ ರಜೆಯಲ್ಲಿದ್ದರು, ಕಚೇರಿಯ ದೂರವಾಣಿಗೂ ಉತ್ತರವಿರಲಿಲ್ಲವೆಂದು ಆಮೇಲೆ ತಿಳಿಯಿತು. ಯಾರಾದರೂ ಪರಿಶೀಲಿಸಲು ಕರೆ ಮಾಡಿದ್ದರೋ ಇಲ್ಲವೋ ನಮಗೆ ಯಾರೂ ಹೇಳಿಲ್ಲ. ಹೊಸ ಪತ್ರದಲ್ಲಿ ಇಬ್ಬರ ಸಂಪರ್ಕ ವಿವರ ಹಾಕಿಸಿ, ಅಕ್ಟೋಬರ್‌ಗೆ ಭೇಟಿ ಮುಂದೂಡಿ, ಸೆಪ್ಟೆಂಬರ್‌ನಲ್ಲಿ ಮತ್ತೆ ಅರ್ಜಿ ಹಾಕಿದಾಗ ವೀಸಾ ಬಂತು. ಉಳಿದ ಕಾಗದಗಳೆಲ್ಲ ಹಿಂದಿನವೇ ಆಗಿದ್ದವು.

ರಫ್ತು ಗುಮಾಸ್ತ

ಮೇಡಂ, ನಿರಾಕರಣೆಯ ವಿರುದ್ಧ ಮೇಲ್ಮನವಿ ಹಾಕಬಹುದಿತ್ತಲ್ಲವೇ? ಎರಡು ತಿಂಗಳ ಕಾಲಾವಕಾಶ ಇರುತ್ತದೆ.

ಆನ್ಸಿ ನಿವಾಸಿ

ಅದು ಹಿಂದಿನ ನಿಯಮ. 2023ರ ಜನವರಿಯಿಂದ ಆ ಅವಧಿ 30 ದಿನ. ಮನವಿ ನಾಂಟ್ ನಗರದಲ್ಲಿರುವ ವೀಸಾ ಉಪನಿರ್ದೇಶನಾಲಯಕ್ಕೆ ಹೋಗುತ್ತದೆ, ಉತ್ತರ ಬರುವ ಹೊತ್ತಿಗೆ ಸಭೆಯ ದಿನ ಕಳೆದಿರುತ್ತದೆ. ವ್ಯವಹಾರ ಭೇಟಿಗೆ ಸರಿಪಡಿಸಿದ ಕಾಗದಗಳೊಂದಿಗೆ ಹೊಸ ಅರ್ಜಿಯೇ ಮೇಲು. ಕಾಫಿ ಮೇಡಂ ಮಾಡಿದ್ದು ಸರಿಯಾದದ್ದೇ. ಎರಡನೆಯ ಸಂಪರ್ಕ ವ್ಯಕ್ತಿಯ ಸಲಹೆಯನ್ನು ನಾನೂ ಇನ್ನು ಮುಂದೆ ಅನುಸರಿಸುತ್ತೇನೆ, ನಮ್ಮ ಪತ್ರಗಳಲ್ಲಿ ಇದುವರೆಗೆ ಒಬ್ಬರದೇ ಇರುತ್ತಿತ್ತು.

ಪೀಣ್ಯ ಲೇತ್

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಕ್ಲೂಜ್‌ನವರ ಜೊತೆ ವಿಡಿಯೋ ಕರೆಯಲ್ಲಿ ಮಾತನಾಡಿದೆ. ರಜೆಯ ವಿಷಯ ಕೇಳಿ ಅವರೇ ನಕ್ಕುಬಿಟ್ಟರು. ದಿನಾಂಕ 18ರಿಂದ 22ಕ್ಕೆ ಬದಲಾಗಿದೆ. ವಿಂಗಡಣೆಯನ್ನು ಅಲ್ಲಿನ ಸೇವಾ ಕಂಪನಿಗೆ ಕೊಡಲು ಒಪ್ಪಿದ್ದಾರೆ, ಖರ್ಚು ನಮ್ಮ ಲೆಕ್ಕಕ್ಕೆ. ಅದರ ಬಿಲ್ಲನ್ನು ನೆನೆದರೆ ಎದೆ ಹೊಡೆದುಕೊಳ್ಳುತ್ತದೆ, ಆದರೂ ನಾವಿಬ್ಬರೇ ನಾಲ್ಕು ದಿನದಲ್ಲಿ ಅಷ್ಟು ಸರಕನ್ನು ಮುಗಿಸುವುದು ಹೇಗೂ ಸಾಧ್ಯವಿರಲಿಲ್ಲ.

ಈಗ ಪತ್ರದ ರೂಪ ಹೇಗಿರಬೇಕೆಂದು ಅವರೇ ನನ್ನನ್ನು ಕೇಳುತ್ತಿದ್ದಾರೆ. ಇನ್ನೊಂದು ತೊಡಕೂ ಇದೆ. ನಮ್ಮ ಎಂಜಿನಿಯರ್ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿಯಿದೆ, ಇನಿಷಿಯಲ್‌ಗಳನ್ನು ಬಿಡಿಸಿ ಊರು ಮತ್ತು ತಂದೆಯ ಹೆಸರು ಸೇರಿ ಎಲ್ಲವೂ ಹೆಸರಿನ ಜಾಗದಲ್ಲೇ ಇದೆ. ಫ್ರೆಂಚರು ಇಮೇಲ್ ಸಹಿಯಲ್ಲಿರುವ ಚಿಕ್ಕ ಹೆಸರನ್ನೇ ಬರೆದಿದ್ದರು.

ಆನ್ಸಿ ನಿವಾಸಿ

ಹೆಸರು ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ, ಅಕ್ಷರಕ್ಕೆ ಅಕ್ಷರ ಇರಬೇಕು. ಫ್ರೆಂಚರಿಗೆ ಕುಲನಾಮವಿಲ್ಲದ ಮನುಷ್ಯ ಎಂದರೆ ಅರ್ಥವಾಗುವುದಿಲ್ಲ, ಅವರು ಯಾವುದೋ ಒಂದು ಭಾಗವನ್ನು ಕುಲನಾಮ ಮಾಡಿಬಿಡುತ್ತಾರೆ. ಪಾಸ್‌ಪೋರ್ಟಿನ ಮಾಹಿತಿ ಪುಟದ ಪ್ರತಿಯನ್ನೇ ಕಳುಹಿಸಿ, ಅದರಿಂದಲೇ ನಕಲು ಮಾಡಲು ಹೇಳಿ. ಇಬ್ಬರಿಗೂ ಬೇರೆ ಬೇರೆ ಪತ್ರವಿರಲಿ. ಒಂದೇ ಪತ್ರದಲ್ಲಿ ಎರಡು ಹೆಸರಿದ್ದರೆ ಅದು ತಪ್ಪಲ್ಲ, ಆದರೆ ಇಬ್ಬರ ಕಡತಗಳೂ ಬೇರೆಯಾಗಿ ಸಾಗುವುದರಿಂದ, ಹಾಗೂ ನಿಮ್ಮ ಉದ್ದೇಶ ದರ ಮಾತುಕತೆ, ಅವರದು ತಾಂತ್ರಿಕ ಚರ್ಚೆ ಆಗಿರುವುದರಿಂದ ಬೇರೆಯಾಗಿದ್ದರೆ ಸ್ಪಷ್ಟ.

ರೂಪದ ಬಗ್ಗೆ: ಇಮೇಲ್ ಎಂಬುದು ಹೊದಿಕೆ ಮಾತ್ರ. ಪತ್ರವನ್ನು ಕಂಪನಿಯ ಮುದ್ರಿತ ಶಿರೋನಾಮೆಯ ಕಾಗದದಲ್ಲಿ ಬರೆದು, ಅಧಿಕಾರವುಳ್ಳವರು ಸಹಿ ಮಾಡಿ, ಮೊಹರು ಒತ್ತಿ, ಸ್ಕ್ಯಾನ್ ಮಾಡಿದ ಪಿಡಿಎಫ್ ಅನ್ನು ಕಂಪನಿಯ ಸ್ವಂತ ಡೊಮೈನ್ ವಿಳಾಸದಿಂದ ಕಳುಹಿಸಬೇಕು. ಆ ಇಮೇಲನ್ನೂ ಮುದ್ರಿಸಿ ಪತ್ರದ ಹಿಂದೆ ಇಡಿ, ಪತ್ರ ಎಲ್ಲಿಂದ ಬಂತೆಂಬುದು ಕಾಣುತ್ತದೆ. ಶಿರೋನಾಮೆಯ ಅಡಿಯಲ್ಲಿ 14 ಅಂಕಿಗಳ ಸಿರೆಟ್ ಸಂಖ್ಯೆ ಇರುತ್ತದೆ. ಅದರ ಮೊದಲ ಒಂಬತ್ತು ಅಂಕಿ ಕಂಪನಿಯದು, ಉಳಿದ ಐದು ಆ ನಿರ್ದಿಷ್ಟ ವಿಳಾಸದ್ದು. ಅವರ ಮುಖ್ಯ ಕಚೇರಿ ಲಿಯೋನ್‌ನಲ್ಲಿದ್ದು ನೀವು ಹೋಗುವುದು ಕ್ಲೂಜ್‌ಗೆ ಎಂದಾದರೆ, ಪತ್ರದಲ್ಲಿ ಕ್ಲೂಜ್ ಕಾರ್ಖಾನೆಯ ವಿಳಾಸ ಪ್ರತ್ಯೇಕವಾಗಿ ಬರಬೇಕು. ಇದರ ಜೊತೆ ವಾಣಿಜ್ಯ ನೋಂದಣಿಯ ದಾಖಲೆಯಾದ ಕೆ-ಬಿಸ್ ಪ್ರತಿಯನ್ನು ಕೇಳಿ. ಮೂರು ತಿಂಗಳಿಗಿಂತ ಹಳೆಯದಾಗದಿರುವುದು ಇಲ್ಲಿನ ರೂಢಿ. ಅದರಲ್ಲಿ ಹೆಸರಿರುವವರೇ ಸಹಿ ಮಾಡಿದರೆ ಪ್ರಶ್ನೆಯೇ ಇಲ್ಲ. ಖರೀದಿ ವ್ಯವಸ್ಥಾಪಕರು ಸಹಿ ಮಾಡುವುದಾದರೆ ಅವರ ಹುದ್ದೆಯನ್ನು ಪೂರ್ತಿಯಾಗಿ ಬರೆಯಬೇಕು.

ನಾನು ಬಳಸುವ ಮಾದರಿಯನ್ನು ನಿಮ್ಮ ಪ್ರಕರಣಕ್ಕೆ ಹೊಂದಿಸಿ, ಇಲ್ಲಿಯವರಿಗೆ ಓದಲು ಸುಲಭವಾಗಲೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ:

"ಮಾನ್ಯ ವೀಸಾ ವಿಭಾಗದ ಮುಖ್ಯಸ್ಥರಿಗೆ,

ಈ ಪತ್ರದ ಮೂಲಕ ನಮ್ಮ ಕಂಪನಿಯು (ಪಾಸ್‌ಪೋರ್ಟಿನಲ್ಲಿರುವಂತೆ ಪೂರ್ಣ ಹೆಸರು), ಜನ್ಮದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ, ಬೆಂಗಳೂರಿನ (ಕಂಪನಿಯ ಹೆಸರು) ಸಂಸ್ಥೆಯ (ಹುದ್ದೆ), ಇವರನ್ನು 2026ರ ಮೇ 18ರ ಸೋಮವಾರದಿಂದ ಮೇ 22ರ ಶುಕ್ರವಾರದವರೆಗೆ ಕ್ಲೂಜ್‌ನಲ್ಲಿರುವ ನಮ್ಮ ಕಾರ್ಖಾನೆಗೆ ಆಹ್ವಾನಿಸುತ್ತದೆ.

ಸದರಿ ಸಂಸ್ಥೆಯು ಹೈಡ್ರಾಲಿಕ್ ಜೋಡಣೆಯ ಭಾಗಗಳನ್ನು ನಮಗೆ (ವರ್ಷ)ದಿಂದ ಪೂರೈಸುತ್ತಿದೆ. ಇತ್ತೀಚಿನ ಖರೀದಿ ಆದೇಶದ ಸಂಖ್ಯೆ ಮತ್ತು ದಿನಾಂಕ ಹೀಗಿದೆ. ಈ ಭೇಟಿಯಲ್ಲಿ 18 ಮತ್ತು 19ರಂದು, ಮೂರನೆಯ ಸಂಸ್ಥೆಯೊಂದು ನಡೆಸಿದ ವಿಂಗಡಣೆಯ ವರದಿಯ ಪರಿಶೀಲನೆ ಮತ್ತು ದೋಷದ ಕಾರಣಗಳ ಚರ್ಚೆ, 20ರಂದು ಉತ್ಪಾದನಾ ವಿಭಾಗದ ವೀಕ್ಷಣೆ, 21 ಮತ್ತು 22ರಂದು ಎರಡು ಹೊಸ ಭಾಗಗಳ ನಕ್ಷೆಯ ಚರ್ಚೆ ಮತ್ತು 2027ರ ದರ ಒಪ್ಪಂದದ ಮಾತುಕತೆ ನಡೆಯಲಿದೆ. ಆಹ್ವಾನಿತರು ನಮ್ಮಲ್ಲಿ ಯಾವುದೇ ಉತ್ಪಾದನಾ ಕೆಲಸದಲ್ಲಿ ತೊಡಗುವುದಿಲ್ಲ, ನಮ್ಮಿಂದ ಸಂಬಳವನ್ನೂ ಪಡೆಯುವುದಿಲ್ಲ.

ಅವರು ಮೇ 17ರಂದು ಜಿನೀವಾ ವಿಮಾನ ನಿಲ್ದಾಣಕ್ಕೆ ಬಂದು ಅಲ್ಲಿಂದ ರಸ್ತೆಯ ಮೂಲಕ ಕ್ಲೂಜ್ ತಲುಪುತ್ತಾರೆ, ಮೇ 23ರಂದು ಜಿನೀವಾದಿಂದಲೇ ಮರಳುತ್ತಾರೆ. ಹೋಟೆಲ್ ಮತ್ತು ಸ್ಥಳೀಯ ಸಾರಿಗೆಯ ವೆಚ್ಚವನ್ನು ನಮ್ಮ ಕಂಪನಿ ಭರಿಸುತ್ತದೆ. ವಿಮಾನ ಪ್ರಯಾಣ, ವಿಮೆ ಮತ್ತು ದೈನಂದಿನ ಖರ್ಚನ್ನು ಅವರ ಸಂಸ್ಥೆ ಭರಿಸುತ್ತದೆ. ಹೆಚ್ಚಿನ ಮಾಹಿತಿಗೆ ಈ ಕೆಳಗಿನ ಇಬ್ಬರನ್ನು ಸಂಪರ್ಕಿಸಬಹುದು."

ಖರ್ಚಿನ ವಾಕ್ಯವನ್ನು ನಾನು ಉದ್ದೇಶಪೂರ್ವಕವಾಗಿ ಒಡೆದಿದ್ದೇನೆ. ಅವರ ಮೊದಲ ಇಮೇಲಿನಲ್ಲಿ "ಎಲ್ಲ ಖರ್ಚು ನಮ್ಮದು" ಎಂದಿತ್ತು. ನಿಮ್ಮ ಕಂಪನಿಯ ಪತ್ರದಲ್ಲಿ ನೀವು ವಾಡಿಕೆಯಂತೆ "ಎಲ್ಲ ಖರ್ಚು ನಮ್ಮ ಸಂಸ್ಥೆಯದು" ಎಂದು ಬರೆಯುತ್ತಿದ್ದಿರಿ. ಒಂದೇ ಕಡತದಲ್ಲಿ ಎರಡು ಕಂಪನಿಗಳು ಒಂದೇ ಹೋಟೆಲ್ ಬಿಲ್ಲನ್ನು ಕಟ್ಟುವುದಾಗಿ ಹೇಳಿದರೆ ಯಾರ ಮಾತನ್ನು ನಂಬಬೇಕು? ಆಹ್ವಾನ ಪತ್ರ, ನಿಮ್ಮ ಪತ್ರ, ಆನ್‌ಲೈನ್ ಅರ್ಜಿಯ ಉತ್ತರ, ಹೋಟೆಲ್ ಬುಕಿಂಗ್, ಟಿಕೆಟ್, ವಿಮೆ ಇವೆಲ್ಲ ಒಂದೇ ಕಥೆಯನ್ನು ಹೇಳಬೇಕು.

ಜಯನಗರ ನಾಲ್ಕನೇ ಬ್ಲಾಕ್

ಪುರಸಭೆಯ ಪತ್ರದ ವಿಷಯ ಈಗ ಅರ್ಥವಾಯಿತು. ಆದರೆ ಈ ಪತ್ರ ಫ್ರೆಂಚ್ ಭಾಷೆಯಲ್ಲೇ ಇರಬೇಕಲ್ಲವೇ?

ಚಿಕ್ಕಮಗಳೂರು ಕಾಫಿ

ನಮ್ಮದು ಎರಡೂ ಬಾರಿ ಇಂಗ್ಲಿಷಿನಲ್ಲಿತ್ತು. ವೀಸಾ ಅರ್ಜಿ ಸ್ವೀಕರಿಸುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಯಾರೂ ಆಕ್ಷೇಪಿಸಲಿಲ್ಲ. ಕನ್ನಡದಲ್ಲಿರುವ ಕಾಗದಗಳನ್ನು ಮಾತ್ರ ಅನುವಾದ ಮಾಡಿಸಿದ್ದೆವು.

ವೈಟ್‌ಫೀಲ್ಡ್ ಕೋಡರ್

ನನಗೂ ಇದೇ ಮಾದರಿ ಪತ್ರ ಬೇಕಿತ್ತು. ನಾನು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಲಿಯೋನ್‌ನಲ್ಲಿರುವ ಕ್ಲೈಂಟ್ ಕಚೇರಿಯಲ್ಲಿ ಎರಡು ತಿಂಗಳು ಕುಳಿತು ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ದತ್ತಾಂಶ ಸ್ಥಳಾಂತರಿಸಬೇಕು. 90 ದಿನಕ್ಕಿಂತ ಕಡಿಮೆ ಇರುವುದರಿಂದ ವ್ಯವಹಾರ ವೀಸಾ ಸಾಕು ಎಂದು ನಮ್ಮ ವ್ಯವಸ್ಥಾಪಕರು ಹೇಳುತ್ತಾರೆ. ಮೇಲಿನ ಪತ್ರದಲ್ಲಿ "ಹೈಡ್ರಾಲಿಕ್" ತೆಗೆದು "ಸಾಫ್ಟ್‌ವೇರ್" ಹಾಕಿದರೆ ನಡೆಯುತ್ತದೆಯೇ?

ಆನ್ಸಿ ನಿವಾಸಿ

ನಡೆಯುವುದಿಲ್ಲ. 180 ದಿನಗಳಲ್ಲಿ 90 ದಿನ ಎಂಬುದು ಎಷ್ಟು ಕಾಲ ಇರಬಹುದೆಂಬ ಮಿತಿ. ಇದ್ದು ಏನು ಮಾಡಬಹುದು ಎಂಬುದು ಬೇರೆ ಪ್ರಶ್ನೆ. ಕ್ಲೈಂಟ್ ಕಚೇರಿಯಲ್ಲಿ ಕುಳಿತು ಎರಡು ತಿಂಗಳು ದತ್ತಾಂಶ ಸ್ಥಳಾಂತರಿಸುವುದು ಸೇವೆ ಸಲ್ಲಿಸುವ ಕೆಲಸ. ಮಾಹಿತಿ ತಂತ್ರಜ್ಞಾನ, ಎಂಜಿನಿಯರಿಂಗ್ ಮುಂತಾದ ಕೆಲವು ಕ್ಷೇತ್ರಗಳಲ್ಲಿ ಮೂರು ತಿಂಗಳೊಳಗಿನ ಪರಿಶೋಧನೆ ಮತ್ತು ತಜ್ಞತೆಯ ನಿಯೋಜನೆಗೆ ಕೆಲಸದ ಪರವಾನಗಿಯಿಂದ ವಿನಾಯಿತಿ ಇದೆ, ಆದರೆ ಆಗಲೂ ನಿಮ್ಮ ಭಾರತೀಯ ಕಂಪನಿ ಸಿಪ್ಸಿ ಎಂಬ ಸರ್ಕಾರಿ ತಾಣದಲ್ಲಿ ನಿಯೋಜನೆಯನ್ನು ಮೊದಲೇ ಘೋಷಿಸಬೇಕು. ನಿಮ್ಮ ಕೆಲಸ ಆ ವಿನಾಯಿತಿಯೊಳಗೆ ಬರುತ್ತದೆಯೇ ಎಂಬುದನ್ನು ನಿಮ್ಮ ಕಂಪನಿಯ ವಲಸೆ ವಕೀಲರು ನಿರ್ಧರಿಸಬೇಕು. ದಯವಿಟ್ಟು ಈ ಮಾದರಿಯನ್ನು ಬಳಸಬೇಡಿ.

ವೈಟ್‌ಫೀಲ್ಡ್ ಕೋಡರ್

ಆದರೆ ನಮ್ಮಲ್ಲಿ ಎಲ್ಲರೂ ಹಾಗೆಯೇ ಹೋಗಿ ಬಂದಿದ್ದಾರೆ.

ಪೀಣ್ಯ ಲೇತ್

ಆನ್ಸಿ ಮೇಡಂ, ಮಾದರಿಯನ್ನು ಕ್ಲೂಜ್‌ಗೆ ಕಳುಹಿಸಿದ್ದೇನೆ. ಇನ್ನೊಂದು ಸಂದೇಹ: ಮಾತುಕತೆ ಎರಡು ದಿನ ಮುಂದೆ ಹೋದರೆ ಏನು ಮಾಡುವುದು? ಪತ್ರದಲ್ಲೇ ಒಂದು ವಾರ ಹೆಚ್ಚು ಬರೆಸಿಕೊಳ್ಳುವುದು ಒಳ್ಳೆಯದೇ? ರಫ್ತು ಗುಮಾಸ್ತರು ಖಾಸಗಿಯಾಗಿ, ಐದು ವರ್ಷದ ಬಹು ಪ್ರವೇಶ ವೀಸಾವನ್ನೇ ಪತ್ರದಲ್ಲಿ ಕೇಳಿಸಿಬಿಡಿ, ಕೊಟ್ಟುಬಿಡುತ್ತಾರೆ ಎಂದು ಬರೆದಿದ್ದಾರೆ.

ಆನ್ಸಿ ನಿವಾಸಿ

ಐದು ವರ್ಷ ಕೇಳಿದ ಮಾತ್ರಕ್ಕೆ ಸಿಗುವುದಿಲ್ಲ. ಭಾರತದಲ್ಲಿ ವಾಸಿಸುವ ಭಾರತೀಯರಿಗಾಗಿ 2024ರ ಏಪ್ರಿಲ್‌ನಲ್ಲಿ ಬಂದ ವ್ಯವಸ್ಥೆಯ ಪ್ರಕಾರ, ಹಿಂದಿನ ಮೂರು ವರ್ಷಗಳಲ್ಲಿ ಎರಡು ಷೆಂಗೆನ್ ವೀಸಾಗಳನ್ನು ಪಡೆದು ನಿಯಮದಂತೆ ಬಳಸಿದವರಿಗೆ ಮೊದಲು ಎರಡು ವರ್ಷದ್ದು, ಅದರ ನಂತರ ಸಾಮಾನ್ಯವಾಗಿ ಐದು ವರ್ಷದ್ದು. ಪಾಸ್‌ಪೋರ್ಟಿನ ಅವಧಿ ಅಷ್ಟು ಉಳಿದಿರಬೇಕು. ನೀವು ಹಿಂದೆ ಹೋಗಿದ್ದರೆ ಹಳೆಯ ವೀಸಾಗಳ ಪ್ರತಿ ಕೊಡಿ. ಮುಂದೆಯೂ ಭೇಟಿಗಳಿವೆ ಎಂಬುದು ನಿಜವಾದರೆ, "ಪ್ರತಿ ವರ್ಷ ಇಂಥ ಪರಿಶೀಲನಾ ಸಭೆ ನಡೆಯುತ್ತದೆ" ಎಂಬ ಒಂದು ವಾಕ್ಯವನ್ನು ಪತ್ರದಲ್ಲಿ ಸೇರಿಸಬಹುದು. ಅದಕ್ಕಿಂತ ಹೆಚ್ಚು ಬೇಡಿಕೆ ಆಹ್ವಾನ ಪತ್ರದ ಕೆಲಸವಲ್ಲ.

ದಿನಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಒಂದೇ ಪ್ರವೇಶದ ವೀಸಾದ ಸಿಂಧುತ್ವಕ್ಕೆ ಸಾಮಾನ್ಯವಾಗಿ 15 ದಿನಗಳ ರಿಯಾಯಿತಿ ಕಾಲವನ್ನು ಸೇರಿಸುತ್ತಾರೆ. ಆದರೆ ಇರಬಹುದಾದ ದಿನಗಳ ಸಂಖ್ಯೆಯನ್ನು ಪ್ರತ್ಯೇಕವಾಗಿ ಮುದ್ರಿಸುತ್ತಾರೆ. ಮೇ 17ರಿಂದ 23ರವರೆಗೆ ಎಂದರೆ ಬಂದ ದಿನ, ಹೊರಟ ದಿನ ಎರಡೂ ಸೇರಿ ಏಳು ದಿನ. ವೀಸಾದಲ್ಲಿ ಏಳೇ ದಿನ ಬಂದರೆ, ಪೂರ್ತಿ ಪ್ರವಾಸವನ್ನೇ ಒಂದು ವಾರ ಮುಂದೂಡಿದರೂ ಹೋಗಿಬರಬಹುದು, ಆದರೆ ಹೋದ ಮೇಲೆ ಎರಡು ದಿನ ಹೆಚ್ಚು ಉಳಿಯಲಾಗುವುದಿಲ್ಲ. ಹಾಗೆಂದು ಸಭೆಯಿಲ್ಲದ ಒಂದು ವಾರವನ್ನು ಪತ್ರದಲ್ಲಿ ತುಂಬಿದರೆ ಆ ವಾರ ಏನು ಮಾಡುತ್ತೀರಿ ಎಂಬ ಪ್ರಶ್ನೆ ಏಳುತ್ತದೆ. ಮಾತುಕತೆ ಮುಂದುವರಿದರೆ 26ರಂದು ಮತ್ತೊಂದು ಸಭೆ ಎಂಬುದು ನಿಜವಾದ ಸಾಧ್ಯತೆಯಾದರೆ, ಹಾಗೆಂದೇ ಬರೆಸಿ, ಟಿಕೆಟ್ ಮತ್ತು ವಿಮೆಯನ್ನೂ ಅದಕ್ಕೆ ತಕ್ಕಂತೆ ಮಾಡಿ. ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿರಬೇಕು, ಸ್ವಿಟ್ಜರ್ಲೆಂಡ್ ಸೇರಿ ಎಲ್ಲ ಷೆಂಗೆನ್ ದೇಶಗಳಿಗೂ ಅನ್ವಯಿಸಬೇಕು. ನಿಮ್ಮದು ಜಿನೀವಾ ದಾರಿಯಾದ್ದರಿಂದ ಇದನ್ನು ಓದಿ ನೋಡಿ.

ಚಿಕ್ಕಮಗಳೂರು ಕಾಫಿ

ಸಮಯದ ಬಗ್ಗೆಯೂ ಒಂದು ಮಾತು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲು ಹಾಕಿರಬೇಕು. ನಿರ್ಧಾರಕ್ಕೆ 15 ದಿನ ಎಂದಿದ್ದರೂ, ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನಗಳವರೆಗೆ ಹೋಗಬಹುದು. ಬೇಸಿಗೆ ರಜೆಯ ಗುಂಪಿನಿಂದಾಗಿ ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಭೇಟಿಯ ಸಮಯ ಸಿಗುವುದು ಕಷ್ಟ. ಪತ್ರ ಬಂದ ಕೂಡಲೇ france-visas.gouv.fr ತಾಣದಲ್ಲಿ ಅರ್ಜಿ ತುಂಬಿ ಸಮಯ ಕಾದಿರಿಸಿಕೊಳ್ಳಿ.

ರಫ್ತು ಗುಮಾಸ್ತ

ಕ್ಲೂಜ್ ಕಂಪನಿಯವರೇ ನೇರವಾಗಿ ದೂತಾವಾಸಕ್ಕೆ ಇಮೇಲ್ ಮಾಡಿದರೆ ಇನ್ನೂ ಬಲ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಆನ್ಸಿ ನಿವಾಸಿ

ಒಮ್ಮೆ ನಮ್ಮ ನಿರ್ದೇಶಕರು ಹಾಗೆ ಮಾಡಿದರು, ಉತ್ತರವೇನೂ ಬರಲಿಲ್ಲ, ಅದರಿಂದ ಲಾಭವಾಯಿತೋ ಇಲ್ಲವೋ ಹೇಳಲಾರೆ. ಕಡತದಲ್ಲಿರುವ ಕಾಗದವನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು.

ಪೀಣ್ಯ ಲೇತ್

ಇಬ್ಬರ ಪತ್ರಗಳೂ ಇಂದು ಬೆಳಿಗ್ಗೆ ಬಂದವು. ಕಂಪನಿಯ ಅಧ್ಯಕ್ಷರೇ ಸಹಿ ಮಾಡಿದ್ದಾರೆ, ಕೆ-ಬಿಸ್ ಜೊತೆಗಿದೆ, ಎರಡನೆಯ ಸಂಪರ್ಕಕ್ಕೆ ಗುಣಮಟ್ಟ ವಿಭಾಗದ ಮುಖ್ಯಸ್ಥರ ಹೆಸರಿದೆ. ಎಂಜಿನಿಯರ್ ಹೆಸರು ಈ ಬಾರಿ ಪೂರ್ತಿ ಸರಿಯಾಗಿದೆ. ಆದರೆ ಅವರ ಪತ್ರದಲ್ಲಿ 19ರ ಕಾರ್ಯಕ್ರಮಕ್ಕೆ "ಅಳತೆ ಕೊಠಡಿಯಲ್ಲಿ ಕೆಲವು ಮಾದರಿ ಭಾಗಗಳ ಜಂಟಿ ಅಳತೆ" ಎಂದು ಹೊಸದಾಗಿ ಸೇರಿಸಿದ್ದಾರೆ. ಅವರ ಮಾಪನ ಯಂತ್ರಕ್ಕೂ ನಮ್ಮದಕ್ಕೂ ವ್ಯತ್ಯಾಸ ಬರುತ್ತಿರುವುದೇ ಜಗಳದ ಮೂಲವಾದ್ದರಿಂದ ಇದು ನಿಜಕ್ಕೂ ಅಗತ್ಯ. ಹತ್ತು ಭಾಗಗಳನ್ನು ಒಟ್ಟಿಗೆ ನಿಂತು ಅಳೆಯುವುದೂ ಕೆಲಸವೆನಿಸುತ್ತದೆಯೇ?

ಆನ್ಸಿ ನಿವಾಸಿ

ನನ್ನ ತಿಳಿವಳಿಕೆಯಲ್ಲಿ ಇಲ್ಲ. ಒಪ್ಪಂದದ ಎರಡೂ ಪಕ್ಷಗಳು ವಿವಾದದ ಮಾದರಿಯನ್ನು ಒಟ್ಟಿಗೆ ನೋಡುವುದು ಚರ್ಚೆಯ ಭಾಗವೇ. ಯಂತ್ರವನ್ನು ಅವರ ತಂತ್ರಜ್ಞರು ನಡೆಸಲಿ, ನಿಮ್ಮವರು ಫಲಿತಾಂಶ ನೋಡಲಿ. "ನಮ್ಮ ತಂತ್ರಜ್ಞರು ನಡೆಸುವ ಅಳತೆಯ ವೀಕ್ಷಣೆ" ಎಂದು ಬರೆದರೆ ನಡೆಯುವುದೂ ಅದೇ, ಬರೆದದ್ದೂ ಅದೇ ಆಗುತ್ತದೆ.

ಚಿಕ್ಕಮಗಳೂರು ಕಾಫಿ

ನಾನಾಗಿದ್ದರೆ ಆ ಸಾಲನ್ನು ತೆಗೆಸುತ್ತಿದ್ದೆ. ನಮ್ಮ ರುಚಿ ಪರೀಕ್ಷೆಯಲ್ಲೂ ನಾವೇ ಕಾಫಿ ಸುರಿದು ಸವಿಯುತ್ತೇವೆ, ಅದನ್ನು ಯಾರೂ ಕೆಲಸವೆಂದಿಲ್ಲ ನಿಜ. ಆದರೆ ಒಂದು ಸಾಲಿಗಾಗಿ ಪ್ರಶ್ನೆ ಎಬ್ಬಿಸಿಕೊಳ್ಳುವುದೇಕೆ?

ಆನ್ಸಿ ನಿವಾಸಿ

ತೆಗೆಸಿದರೆ ಜಿನೀವಾ ಗಡಿಯಲ್ಲಿ ಅಧಿಕಾರಿ ಎಂಜಿನಿಯರನ್ನು "ಏಕೆ ಬಂದಿರಿ" ಎಂದು ಕೇಳಿದಾಗ ಅವರು ಅಳತೆಯ ವಿಷಯ ಹೇಳುತ್ತಾರೆ, ಪತ್ರದಲ್ಲಿ ಅದು ಇರುವುದಿಲ್ಲ. ಪೀಣ್ಯದವರೇ, ನೀವಿಬ್ಬರೂ ಪತ್ರದ ಮುದ್ರಿತ ಪ್ರತಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ವೀಸಾ ಇದ್ದರೂ ಪ್ರವೇಶದ ಸ್ಥಳದಲ್ಲಿ ಉದ್ದೇಶದ ದಾಖಲೆ ಕೇಳುವ ಹಕ್ಕು ಅವರಿಗಿದೆ.

ಪೀಣ್ಯ ಲೇತ್

ವೀಕ್ಷಣೆ ಎಂದು ತಿದ್ದಿ ಕಳುಹಿಸಲು ಕೇಳಿದ್ದೇನೆ. ಶುಕ್ರವಾರ ಮಧ್ಯಾಹ್ನದ ನಂತರ ಅಲ್ಲಿ ಯಾರೂ ಸಿಗುವುದಿಲ್ಲವಾದ್ದರಿಂದ ಸೋಮವಾರ ಬರಬಹುದು. ವಿಎಫ್‌ಎಸ್ ಸಮಯ ಮಾರ್ಚ್ ಎರಡನೆಯ ವಾರಕ್ಕೆ ಸಿಕ್ಕಿದೆ.